ತಂಗಿ ಗೆದ್ದ ದಿನ ಅಕ್ಕನಿಗೆ ಆದದ್ದೇನು?

ಕೆ.ಎ.ಎಸ್. ಆಯ್ಕೆಪಟ್ಟಿ ಹೊರಬಿದ್ದ ಸಂಜೆ ಹಾವೇರಿ ಜಿಲ್ಲೆಯ ಆ ಮನೆಯಲ್ಲಿ ಮೊದಲು ಅದನ್ನು ತೆರೆದು ನೋಡಿದವಳು ಅಕ್ಕ. ಸಾಲುಸಾಲು ನೋಂದಣಿ ಸಂಖ್ಯೆಗಳ ನಡುವೆ ಬೇಕಾದ್ದನ್ನು ಹುಡುಕುವುದು ಅವಳಿಗೆ ರೂಢಿ. ಹಿಂದೆಲ್ಲ ತನ್ನ ಸಂಖ್ಯೆಯನ್ನೇ ಹಾಗೆ ಹುಡುಕಿ ಹುಡುಕಿ ಸೋತವಳು. ಈ ಸಲ ಹುಡುಕಿದ್ದು ತಂಗಿಯ ಸಂಖ್ಯೆ, ಅದು ಪಟ್ಟಿಯಲ್ಲಿತ್ತು. ತಹಶೀಲ್ದಾರ್ ಹುದ್ದೆ. ‘ಯವ್ವಾ, ಆತು! ಪಾಸ್ ಆದ್ಲು!’ ಎಂದು ಅಡುಗೆಮನೆಗೆ ಕೇಳುವಂತೆ ಕೂಗಿದವಳೂ ಅವಳೇ. ಅರ್ಧ ಗಂಟೆಯಲ್ಲಿ ಓಣಿಯವರೆಲ್ಲ ಬಂದರು, ಪೇಢೆ ಬಂತು. ಯಾರೋ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿದರು: ‘ಅಕ್ಕನ ಆಸೆ ತಂಗಿ ತೀರಿಸಿದ್ಲು ನೋಡ್ರಿ.’ ಅಷ್ಟು ಹೊತ್ತು ನಕ್ಕೋತ ಓಡಾಡುತ್ತಿದ್ದ ಅಕ್ಕನಿಗೆ ಎದೆಯಲ್ಲಿ ಏನೋ ಹಿಡಿದುಕೊಂಡಂತಾಯಿತು. ರಾತ್ರಿ ಹಾಸಿಗೆಗೆ ಬಿದ್ದಾಗ, ಕರೆಯದೆಯೇ ಒಂದು ಯೋಚನೆ ಬಂತು: ಸಂದರ್ಶನದಲ್ಲಿ ಇವಳಿಗೂ ನಾಲ್ಕು ಅಂಕ ಕಡಿಮೆ ಬಿದ್ದಿದ್ದರೆ? ಅದರ ಬೆನ್ನಿಗೇ ಇನ್ನೊಂದು: ಒಡಹುಟ್ಟಿದವಳ ಬಗ್ಗೆ ಹೀಗೆ ಯೋಚಿಸುವ ನಾನು ಎಂಥಾಕಿ?

ಇದು ಒಂದೇ ಮನೆಯ ಕತೆಯಲ್ಲ. ಯಾರ ಗುರುತೂ ಸಿಗಬಾರದೆಂದು ಹಲವು ಮನೆಗಳಲ್ಲಿ ಕಂಡದ್ದನ್ನು, ಕೇಳಿದ್ದನ್ನು ಒಂದು ಮನೆಗೆ ತಂದು ಕೂಡಿಸಿದ್ದೇನೆ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆ ರಾತ್ರಿಯ ಎರಡು ಯೋಚನೆಗಳು. ಮೊದಲನೆಯದು ಅಸೂಯೆ. ಎರಡನೆಯದು ಅಸೂಯೆಪಟ್ಟದ್ದಕ್ಕೆ ತನ್ನನ್ನೇ ಹಳಿದುಕೊಳ್ಳುವ ಪಾಪಪ್ರಜ್ಞೆ. ಮೊದಲನೆಯದನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಮಾತಿದೆ. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಆ ಗಾದೆ ಹೊಲ ಹಂಚಿಕೊಳ್ಳುವ ಗಂಡುಮಕ್ಕಳದ್ದು. ಹಂಚಿಕೊಳ್ಳಲು ಏನೂ ಇಲ್ಲದಿದ್ದರೂ, ಪ್ರೀತಿ ಇದ್ದೂ ಚುಚ್ಚುವ ಈ ಬಗೆಯ ನೋವಿಗೆ, ಅದನ್ನು ಯಾರಿಗೂ ಹೇಳಲಾಗದ ನಾಚಿಕೆಗೆ ಗಾದೆಯಲ್ಲಿ ಜಾಗವಿಲ್ಲ.

ಹಿಂದಿನ ಕತೆಯನ್ನೂ ಸ್ವಲ್ಪ ಹೇಳಬೇಕು. ಅಕ್ಕನಿಗೂ ತಂಗಿಗೂ ಎರಡೇ ವರ್ಷ ಅಂತರ. ಪದವಿ ಮುಗಿಸಿ ಅಕ್ಕ ಧಾರವಾಡದ ಸಪ್ತಾಪುರಕ್ಕೆ ಹೋದಳು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಉತ್ತರ ಕರ್ನಾಟಕದ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಸೇರುವ ಜಾಗ ಅದು. ಕೋಚಿಂಗ್ ಸೆಂಟರು, ಪಿ.ಜಿ. ಕೋಣೆ, ರಾತ್ರಿಯವರೆಗೂ ತೆರೆದಿರುವ ಓದುವ ಹಾಲ್, ಖಾನಾವಳಿಯ ಊಟ. ಫೀಸಿಗೆ ಅವ್ವನ ಬಳೆ ಅಡ ಬಿದ್ದವು. ಮೇನ್ಸ್ ದಾಟಿ ಒಮ್ಮೆ ಸಂದರ್ಶನದವರೆಗೂ ಹೋಗಿ ಬಂದಳು, ಕೊನೆಯ ಪಟ್ಟಿಯಲ್ಲಿ ಹೆಸರಿರಲಿಲ್ಲ. ಅಷ್ಟರಲ್ಲಿ ಅಪ್ಪನ ಕೈ ಬರಿದಾಗಿತ್ತು, ಮದುವೆಯ ಮಾತು ಎದ್ದಿತ್ತು. ಬಿ.ಎಡ್. ಮುಗಿಸಿ ಸರಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿಯಾದಳು. ತಂಗಿ ಓದಿದ್ದು ಅಕ್ಕನ ನೋಟ್ಸ್ ಇಟ್ಟುಕೊಂಡು. ಕರ್ನಾಟಕ ಇತಿಹಾಸದ ಆ ಫೈಲಿನಲ್ಲಿ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದದ್ದೆಲ್ಲ ಅಕ್ಕನ ಕೈ.

ಇವರಿಬ್ಬರ ನಡುವೆ ಒಬ್ಬ ತಮ್ಮನೂ ಇದ್ದಾನೆ ಎನ್ನುವುದನ್ನು ಮರೆಯಬಾರದು. ಅಕ್ಕನಿಗಿಂತ ಒಂದೇ ವರ್ಷ ಚಿಕ್ಕವನು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ. ಅದೇ ವರ್ಷ ಅವನಿಗೆ ಒಳ್ಳೆಯ ದರ ಸಿಕ್ಕು ಮನೆಯ ಮೇಲೆ ಇನ್ನೊಂದು ಅಂತಸ್ತು ಎದ್ದಿತು. ಅಕ್ಕನ ಇಡೀ ವರ್ಷದ ಸಂಬಳಕ್ಕಿಂತ ಹೆಚ್ಚು ದುಡ್ಡು ಅವನ ಒಂದು ಹಂಗಾಮಿನಲ್ಲಿ ಬಂತು. ಅದಕ್ಕೆ ಅಕ್ಕನಿಗೆ ಒಂದಿಷ್ಟೂ ಹೊಟ್ಟೆ ಉರಿಯಲಿಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ ‘ನಮ್ಮ ತಮ್ಮ’ ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದಳು. ತಮ್ಮನೂ ಒಡಹುಟ್ಟಿದವನೇ, ಅವನ ಗೆಲುವೂ ದೊಡ್ಡದೇ. ಒಂದು ಗೆಲುವು ಹೆಮ್ಮೆಯಾಗಿ, ಇನ್ನೊಂದು ಮುಳ್ಳಾಗಿ ಬಂದದ್ದು ಯಾಕೆ?

ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾಗಿ ಉತ್ತರ ಕೊಟ್ಟವರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಅಬ್ರಹಾಂ ಟೆಸರ್ ಒಬ್ಬರು. ನಮ್ಮ ಯೋಗ್ಯತೆ ಎಷ್ಟೆಂದು ತಿಳಿಯಲು ನಾವು ನಮ್ಮಂಥವರ ಜತೆಗೇ ಹೋಲಿಸಿ ನೋಡಿಕೊಳ್ಳುತ್ತೇವೆ ಎಂಬುದನ್ನು 1954ರಲ್ಲಿಯೇ ಲಿಯೋನ್ ಫೆಸ್ಟಿಂಜರ್ ಹೇಳಿದ್ದರು. ಟೆಸರ್ ಅದನ್ನು ಹತ್ತಿರದ ಸಂಬಂಧಗಳಿಗೆ ತಂದು 1980ರ ದಶಕದಲ್ಲಿ ಒಂದು ಸಿದ್ಧಾಂತವಾಗಿ ಬೆಳೆಸಿದರು. ಅದರಲ್ಲಿ ಮೂರು ಸಂಗತಿಗಳಿವೆ. ಇನ್ನೊಬ್ಬರು ನಮಗೆ ಎಷ್ಟು ಹತ್ತಿರದವರು, ಅವರು ನಮಗಿಂತ ಎಷ್ಟು ಮೇಲೆ ಹೋದರು, ಮತ್ತು ಅವರು ಗೆದ್ದ ಆ ವಿಷಯ ನಮ್ಮ ಬಗ್ಗೆ ನಾವು ಇಟ್ಟುಕೊಂಡಿರುವ ಚಿತ್ರಕ್ಕೆ ಎಷ್ಟು ಮುಖ್ಯ.

ಮೂರನೆಯದೇ ಇಲ್ಲಿ ಆಟ ತಿರುಗಿಸುವುದು. ಗೆದ್ದ ವಿಷಯ ನಮಗೆ ಮುಖ್ಯವಲ್ಲದಿದ್ದರೆ, ಹತ್ತಿರದವರ ಗೆಲುವಿನ ಬೆಳಕು ನಮ್ಮ ಮೇಲೂ ಬೀಳುತ್ತದೆ. ಹತ್ತಿರವಾದಷ್ಟೂ ಬೆಳಕು ಹೆಚ್ಚು. ತಮ್ಮನ ಮೆಣಸಿನಕಾಯಿ ವ್ಯಾಪಾರದಲ್ಲಿ ಆದದ್ದು ಇದು. ತಾನು ವ್ಯಾಪಾರಿಯಾಗಬೇಕೆಂದು ಅಕ್ಕ ಕನಸಿನಲ್ಲೂ ಅಂದುಕೊಂಡವಳಲ್ಲ. ಅದೇ ವಿಷಯ ನಮ್ಮ ಜೀವಕ್ಕೆ ಹತ್ತಿದ್ದಾದರೆ, ಹತ್ತಿರದವರ ಗೆಲುವು ಅಳತೆಗೋಲಾಗಿ ಎದುರಿಗೆ ನಿಲ್ಲುತ್ತದೆ. ಆಗಲೂ ಹತ್ತಿರವಾದಷ್ಟೂ ನೋವು ಹೆಚ್ಚು. ಅಕ್ಕ ಬರೆದ ಪರೀಕ್ಷೆ, ಅಕ್ಕ ಕೂತ ಸಂದರ್ಶನದ ಕುರ್ಚಿ, ಅಕ್ಕನ ನೋಟ್ಸ್. ಬೇರೆ ಯಾವುದೋ ಜಿಲ್ಲೆಯ ಅಪರಿಚಿತ ಹುಡುಗಿ ಅದೇ ಪಟ್ಟಿಯಲ್ಲಿ ಇನ್ನೂ ಮೇಲಿನ ಹುದ್ದೆ ಪಡೆದಿದ್ದಳು, ಅಕ್ಕ ಆ ಹೆಸರನ್ನು ಓದಿ ಮುಂದೆ ಹೋಗಿದ್ದಳು. ಆ ಹುಡುಗಿ ಬೇರೆ ಮನೆಯವಳು, ಬೇರೆ ಶಾಲೆಯವಳು, ಅವಳಿಗೆ ಇನ್ನೇನು ಅನುಕೂಲವಿತ್ತೋ ಎಂದು ಮನಸ್ಸು ತಪ್ಪಿಸಿಕೊಳ್ಳಬಹುದು. ಒಂದೇ ತಾಟಿನಲ್ಲಿ ಉಂಡು ಬೆಳೆದವಳ ವಿಷಯದಲ್ಲಿ ಆ ನೆಪಕ್ಕೆ ಜಾಗವಿಲ್ಲ.

ಪ್ರೀತಿ ಕಡಿಮೆಯಾದ ಕಡೆ ಅಸೂಯೆ ಹುಟ್ಟುತ್ತದೆ ಎಂದು ನಾವು ತಿಳಿದಿದ್ದೇವೆ. ಈ ಲೆಕ್ಕದ ಪ್ರಕಾರ ಹಾಗಿಲ್ಲ. ತಮ್ಮನ ವಿಷಯದಲ್ಲಿ ಹೆಮ್ಮೆಯನ್ನು ಉಬ್ಬಿಸಿದ ಹತ್ತಿರವೇ ತಂಗಿಯ ವಿಷಯದಲ್ಲಿ ನೋವನ್ನು ಹೆಚ್ಚಿಸಿತು. ‘ತಂಗಿಯನ್ನು ನಿಜವಾಗಿ ಪ್ರೀತಿಸಿದ್ದರೆ ನನಗೆ ಹೀಗೆ ಅನ್ನಿಸುತ್ತಿರಲಿಲ್ಲ’ ಎಂದು ಅಕ್ಕ ತನ್ನ ಮೇಲೆ ಹೊರಿಸಿಕೊಂಡ ಆರೋಪ ಇಲ್ಲಿಯೇ ಬಿದ್ದುಹೋಗಬೇಕಿತ್ತು. ಬೀಳಲಿಲ್ಲ, ಯಾಕೆಂದರೆ ಮತ್ಸರವನ್ನು ಆರು ವೈರಿಗಳಲ್ಲಿ ಒಂದೆಂದು ಕಲಿತ ಮನಸ್ಸು ನಮ್ಮದು. ಅದು ಬಂದದ್ದೇ ತಪ್ಪು, ಏನು ಮಾಡಿತು ಎನ್ನುವುದು ಆಮೇಲಿನ ಮಾತು.

ಏನು ಮಾಡುತ್ತದೆ ಎನ್ನುವುದನ್ನೂ ಟೆಸರ್ ಪರೀಕ್ಷಿಸಿ ನೋಡಿದ್ದರು. 1980ರಲ್ಲಿ ಜೋನಾಥನ್ ಸ್ಮಿತ್ ಎಂಬುವರ ಜತೆ ಸೇರಿ ಮಾಡಿದ ಪ್ರಯೋಗ ಅದು. ಗೆಳೆಯರನ್ನು ಜೋಡಿಯಾಗಿ ಕರೆಸಿ, ಅಪರಿಚಿತರಾದ ಇನ್ನೊಂದು ಜೋಡಿಯ ಜತೆ ಒಂದು ಪದದ ಆಟಕ್ಕೆ ಕೂರಿಸಿದರು. ಒಬ್ಬ ಸುಳಿವು ಕೊಡಬೇಕು, ಉಳಿದವರು ಪದ ಊಹಿಸಬೇಕು. ಸುಲಭದ ಸುಳಿವು ಕೊಡುವುದೋ ಕಷ್ಟದ್ದು ಕೊಡುವುದೋ ಆತನಿಗೆ ಬಿಟ್ಟದ್ದು. ಅದಕ್ಕೆ ಮೊದಲು ಆತ ತಾನೇ ಆಡಿ, ತನ್ನ ಆಟ ಚೆನ್ನಾಗಿ ಆಗಲಿಲ್ಲ ಎಂದು ಕೇಳಿಸಿಕೊಂಡಿರುತ್ತಿದ್ದ. ಇದು ಬರೀ ಆಟ ಎಂದು ಹೇಳಿದಾಗ ಜನ ಗೆಳೆಯನಿಗೆ ಸುಲಭದ ಸುಳಿವು ಕೊಟ್ಟರು. ಇದರಿಂದ ಮುಖ್ಯವಾದ ಸಾಮರ್ಥ್ಯ ಅಳೆಯುತ್ತೇವೆ ಎಂದಾಗ ಅದು ತಿರುಗಿತು: ಅಪರಿಚಿತನಿಗಿಂತ ಗೆಳೆಯನಿಗೇ ಕಷ್ಟದ ಸುಳಿವು ಹೋಯಿತು. ಅಂಥ ಸಣ್ಣ ಆಟದಲ್ಲೇ ಕೈ ಬಿಗಿಯಿತು ಎಂದರೆ, ವರ್ಷಗಟ್ಟಲೆ ಓದಿದ ಪರೀಕ್ಷೆಯಲ್ಲಿ ಇನ್ನೆಷ್ಟು ಬಿಗಿಯಬೇಡ! ಅಮೆರಿಕದ ಕಾಲೇಜು ಹುಡುಗರ ಮೇಲೆ ಮಾಡಿದ ಪ್ರಯೋಗ ಇದು, ನಮ್ಮ ಮನೆಗಳಿಗೆ ಹಾಗೇ ಹೊದಿಸಲು ಬರುವುದಿಲ್ಲ ಎಂಬ ಎಚ್ಚರ ಇರಲಿ. ಆದರೂ ಅಸೂಯೆ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಒಂದು ಹೊಳಹು ಇದರಲ್ಲಿದೆ. ವಿಷ ಹಾಕುವುದು, ಮಾಟ ಮಾಡಿಸುವುದು ಧಾರಾವಾಹಿಗಳ ಮಾತು. ನಿಜ ಜೀವನದಲ್ಲಿ ಅದು ಕಷ್ಟದ ಸುಳಿವು ಕೊಡುತ್ತದೆ, ಅಷ್ಟೆ.

ಅಕ್ಕನ ಕಷ್ಟದ ಸುಳಿವುಗಳು ಹೀಗಿದ್ದವು. ಧಾರವಾಡದಲ್ಲಿ ಅವಳ ಜತೆಗೆ ಓದಿದ ಗೆಳತಿಯೊಬ್ಬಳು ಆಗಲೇ ಸೇವೆಯಲ್ಲಿದ್ದಳು. ತರಬೇತಿಗೆ ಹೋಗುವ ಮೊದಲು ಅವಳ ಹತ್ತಿರ ಮಾತಾಡಬೇಕು, ನಂಬರ್ ಕೊಡು ಎಂದು ತಂಗಿ ಕೇಳಿದಳು. ‘ಕಳಸ್ತೀನಿ’ ಎಂದ ಅಕ್ಕ ಎರಡು ವಾರ ಕಳಿಸಲಿಲ್ಲ. ಪ್ರತಿ ಸಲವೂ ಒಂದು ಕಾರಣವಿತ್ತು, ಪ್ರತಿ ಕಾರಣವೂ ನಿಜವೇ ಆಗಿತ್ತು. ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು ಅಭಿನಂದನೆ ಹೇಳಿದಾಗ ‘ಹೂಂನ್ರಿ, ಅಕಿ ಸಲಕ್ಕ ಪೇಪರ್ ಸರಳ ಬಂದಿತ್ತು’ ಎಂಬ ಮಾತು ಬಾಯಿಂದ ಜಾರಿತು. ಮನೆಯ ವಾಟ್ಸಾಪ್ ಗುಂಪಿನಲ್ಲಿ ಉದ್ದದ ಅಭಿನಂದನೆ ಟೈಪ್ ಮಾಡಿ, ಅಳಿಸಿ, ಕೊನೆಗೆ ಎರಡು ಕೈ ಮುಗಿದ ಚಿತ್ರವನ್ನಷ್ಟೇ ಹಾಕಿದಳು. ಇವುಗಳಲ್ಲಿ ಯಾವುದೂ ದೊಡ್ಡ ಅಪರಾಧವಲ್ಲ. ಅಸೂಯೆ ಒಳಗೆ ಕೂತಿದೆಯೋ ಕೈಗೆ ಇಳಿದಿದೆಯೋ ಎಂದು ತಿಳಿಯಲು ನೋಡಬೇಕಾದದ್ದು ಮಾತ್ರ ಇಂಥವನ್ನೇ. ತಡವಾದ ಉತ್ತರ, ‘ಆದರೆ’ ಸೇರಿಸಿದ ಹೊಗಳಿಕೆ, ಗೊತ್ತಿದ್ದೂ ಹೇಳದೆ ಉಳಿಸಿಕೊಂಡ ಮಾಹಿತಿ.

ಇನ್ನು ಪಾಪಪ್ರಜ್ಞೆಯ ಕಡೆಗೆ ಬರೋಣ. ಇದರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ಜೂನ್ ಟ್ಯಾಂಗ್ನಿ ಎಂಬ ಮನೋವಿಜ್ಞಾನಿ, ಹೊರಗಿನಿಂದ ಒಂದೇ ಎನ್ನಿಸುವ ಎರಡು ಭಾವಗಳನ್ನು ಬೇರೆ ಮಾಡಿ ತೋರಿಸಿದರು. ‘ನಾನು ಮಾಡಿದ್ದು ತಪ್ಪು’ ಎನ್ನುವುದು ಒಂದು. ‘ನಾನೇ ಕೆಟ್ಟವಳು’ ಎನ್ನುವುದು ಇನ್ನೊಂದು. ಮೊದಲನೆಯದು ಒಂದು ಕೆಲಸವನ್ನು ಬೆರಳಿಟ್ಟು ತೋರಿಸುತ್ತದೆ, ಆದ್ದರಿಂದ ಅದನ್ನು ಸರಿಪಡಿಸಲು ಮನಸ್ಸು ಹೊರಡುತ್ತದೆ. ಎರಡನೆಯದಕ್ಕೆ ಸರಿಪಡಿಸಲು ಏನೂ ಸಿಗುವುದಿಲ್ಲ, ಅದು ಮುಖ ಮರೆಸಿಕೊಳ್ಳಲು ಹೇಳುತ್ತದೆ.

ಅಕ್ಕನಲ್ಲಿ ಕೆಲಸ ಮಾಡಿದ್ದು ಎರಡನೆಯದು. ನಂಬರ್ ಕಳಿಸದ್ದು ಅವಳಿಗೆ ನೆನಪಿಗೇ ಬರಲಿಲ್ಲ. ರಾತ್ರಿಯ ಆ ಒಂದು ಯೋಚನೆ ಮಾತ್ರ ಕಾಡಿತು. ಅದನ್ನು ತೀರಿಸಲು ಹೋಗಿ ಸನ್ಮಾನದ ದಿನಕ್ಕೆ ತನ್ನ ಕೈ ಮೀರಿದ ಬೆಲೆಯ ಇಳಕಲ್ ರೇಷ್ಮೆ ಸೀರೆ ತಂದಳು. ಹೋಳಿಗೆ ಲಟ್ಟಿಸುವುದರಿಂದ ಹಿಡಿದು ಫ್ಲೆಕ್ಸಿನ ಅಕ್ಷರ ತಿದ್ದುವವರೆಗೆ ಎಲ್ಲ ಕೆಲಸ ಮೈಮೇಲೆ ಹಾಕಿಕೊಂಡಳು. ಬಂದವರೆಲ್ಲ ‘ಅಕ್ಕ ಅಂದ್ರ ಹಿಂಗಿರಬೇಕು’ ಎಂದರು. ಆ ಹೊಗಳಿಕೆ ಇನ್ನಷ್ಟು ಚುಚ್ಚಿತು, ಒಳಗಿನದು ಇವರಿಗೆ ಗೊತ್ತಿಲ್ಲವಲ್ಲ ಎಂದು. ಸನ್ಮಾನ ಮುಗಿದ ಮೇಲೆ ತಂಗಿಗೆ ಫೋನ್ ಮಾಡುವುದೇ ಕಡಿಮೆಯಾಯಿತು. ಹೀಗೆ ಆಗುವುದು ಸಾಮಾನ್ಯ. ಪಾಪಪ್ರಜ್ಞೆ ಮೊದಲು ಅತಿಯಾಗಿ ಕೊಡಿಸುತ್ತದೆ, ಆಮೇಲೆ ದೂರ ಇಡಿಸುತ್ತದೆ. ಆ ದೂರವನ್ನು ಕಂಡ ಮನೆಯವರು ‘ಅಸೂಯೆ’ ಎನ್ನುತ್ತಾರೆ. ನನ್ನ ಅಂದಾಜಿನಲ್ಲಿ ಒಡಹುಟ್ಟಿದವರ ನಡುವೆ ಅಸೂಯೆಗಿಂತ ಹೆಚ್ಚು ಬಿರುಕು ಬಿಟ್ಟಿರುವುದು ಅದನ್ನು ಮುಚ್ಚಿಡುವ ಈ ಹೆಣಗಾಟದಿಂದಲೇ.

ಇಲ್ಲಿ ಭರತ-ಬಾಹುಬಲಿಯ ಕತೆ ನೆನಪಾಗುತ್ತದೆ. ಪಂಪ 941ರಲ್ಲಿ ಆದಿಪುರಾಣದಲ್ಲಿ ಕನ್ನಡಕ್ಕೆ ತಂದ ಕತೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ತಮ್ಮನಿಗೆ ಸೋತ ಚಕ್ರವರ್ತಿ ಭರತ, ನೆರೆದವರ ಎದುರಿಗೆ ತಮ್ಮನ ಮೇಲೆಯೇ ಚಕ್ರ ಪ್ರಯೋಗಿಸುತ್ತಾನೆ. ಚಕ್ರ ಬಾಹುಬಲಿಗೆ ಏನೂ ಮಾಡುವುದಿಲ್ಲ. ಭರತನ ತಲೆ ತಗ್ಗುತ್ತದೆ. ಮುಂದೆ ತಪಸ್ಸಿಗೆ ನಿಂತ ತಮ್ಮನ ಹತ್ತಿರ ತಾನೇ ಬಂದು ನಮಿಸುತ್ತಾನೆ. ಭರತನ ಪಶ್ಚಾತ್ತಾಪಕ್ಕೆ ಒಂದು ಆಧಾರವಿತ್ತು, ಎಸೆದ ಚಕ್ರ. ಅದಕ್ಕೊಂದು ದಾರಿಯೂ ಸಿಕ್ಕಿತು. ನಮ್ಮ ಅಕ್ಕನಂಥವರ ಪಾಡು ಬೇರೆ. ಅವರು ಚಕ್ರ ಎಸೆದಿಲ್ಲ, ಎಸೆಯಬೇಕು ಅನ್ನಿಸಿತು ಎಂಬುದಕ್ಕೇ ಜೀವಮಾನವಿಡೀ ತಲೆ ತಗ್ಗಿಸಲು ಹೊರಡುತ್ತಾರೆ.

ಅಕ್ಕ ಹೀಗೆ ತೊಳಲುವಾಗ ತಂಗಿ ಏನು ಮಾಡುತ್ತಿದ್ದಳು? ಅವಳೂ ಸುಮ್ಮನಿರಲಿಲ್ಲ. ಗೆದ್ದವರಿಗೂ ಒಂದು ಸಂಕಟವಿದೆ ಎಂದು ಜೂಲಿ ಎಕ್ಸ್‌ಲೈನ್ ಮತ್ತು ಮಾರ್ಸಿ ಲೋಬೆಲ್ 1999ರಲ್ಲಿ ಬರೆದರು. ತನ್ನ ಗೆಲುವು ಹತ್ತಿರದವರನ್ನು ನೋಯಿಸುತ್ತಿದೆ ಎಂದು ಗೊತ್ತಾದಾಗ ಗೆದ್ದವರು ಗೆಲುವನ್ನೇ ಸಣ್ಣದು ಮಾಡಿ ಹೇಳುತ್ತಾರೆ, ಇಲ್ಲವೇ ಮರೆಮಾಚುತ್ತಾರೆ. ತಂಗಿ ಅದನ್ನೇ ಮಾಡಿದಳು. ‘ನಿನ್ನ ನೋಟ್ಸ್ ಇಲ್ದಿದ್ರ ನಾ ಎಲ್ಲಿ ಪಾಸಾಗ್ತಿದ್ದೆ ಅಕ್ಕಾ’ ಎಂದು ಮತ್ತೆ ಮತ್ತೆ ಹೇಳಿದಳು. ಮೊದಲ ಸಲ ಹಿತವಾಗಿದ್ದ ಮಾತು ಹತ್ತನೆಯ ಸಲ ಅಕ್ಕನಿಗೆ ಸಮಾಧಾನದ ಭಿಕ್ಷೆಯಂತೆ ಕೇಳಿಸಿತು. ತರಬೇತಿ ಯಾವಾಗ ಶುರು, ಯಾವ ಜಿಲ್ಲೆ ಸಿಕ್ಕಿತು ಎನ್ನುವುದನ್ನು ತಂಗಿ ಅವ್ವನಿಗೆ ಹೇಳಿದಳು, ಅಕ್ಕನಿಗೆ ಹೇಳಲಿಲ್ಲ. ಅದು ಅಕ್ಕನಿಗೆ ತಿಳಿದದ್ದು ಓಣಿಯ ಹೆಂಗಸೊಬ್ಬಳಿಂದ. ಗೆಲುವನ್ನು ಹತ್ತಿರದವರಿಂದ ಬಚ್ಚಿಟ್ಟರೆ ಅವರಿಗೆ ಅದು ಕರುಣೆಯಾಗಿ ಕಾಣುವುದಿಲ್ಲ, ‘ಇವಳಿಗೆ ತಡೆದುಕೊಳ್ಳುವ ಶಕ್ತಿ ಇಲ್ಲ’ ಎಂಬ ತೀರ್ಪಿನಂತೆ ಕಾಣುತ್ತದೆ. ಇತ್ತೀಚಿನ ಅಧ್ಯಯನಗಳೂ ಇದನ್ನೇ ಹೇಳಿವೆ. ಆದ್ದರಿಂದ ಗೆದ್ದ ತಂಗಿಯರಿಗೆ, ತಮ್ಮಂದಿರಿಗೆ ನನ್ನದೊಂದು ಮಾತು: ಸುದ್ದಿಯನ್ನು ನೇರವಾಗಿ, ಮೊದಲಾಗಿ, ಚಿಕ್ಕದಾಗಿ ಹೇಳಿಬಿಡಿ. ಜತೆಗೆ ಸಮಾಧಾನ ಕಟ್ಟಿ ಕೊಡಬೇಡಿ.

ಈ ಎಲ್ಲದರ ಅಡಿಯಲ್ಲಿ ಇನ್ನೊಂದು ಎಳೆ ಇದೆ. ಅದನ್ನು ಬೇರೆ ಮಾಡದಿದ್ದರೆ ಏನೂ ಬಗೆಹರಿಯುವುದಿಲ್ಲ. ಅಕ್ಕನ ಪಾಳಿಯಲ್ಲಿ ದುಡ್ಡು ಮುಗಿದದ್ದು ಯಾಕೆ? ಅದೇ ಸಮಯಕ್ಕೆ ತಮ್ಮನ ಅಂಗಡಿಗೆ ಬಂಡವಾಳ ಬೇಕಾಗಿತ್ತು. ಮದುವೆಯ ಒತ್ತಾಯ ದೊಡ್ಡವಳ ಮೇಲೆ ಬಿತ್ತು. ಅವಳು ದಾರಿ ಬಿಟ್ಟುಕೊಟ್ಟ ಮೇಲೆ ತಂಗಿಗೆ ಓದಲು ಪುರುಸೊತ್ತು ಸಿಕ್ಕಿತು. ಇದು ಅಸೂಯೆಯಲ್ಲ, ಅನ್ಯಾಯವಾಗಿದೆ ಎಂಬ ದೂರು. ಎರಡೂ ಹೆಣೆದುಕೊಂಡು ಬರುವುದರಿಂದ ಒಂದೇ ಎಂದು ತೋರುತ್ತವೆ. ನೆದರ್ಲೆಂಡ್ಸಿನ ನೀಲ್ಸ್ ವಾನ್ ಡೆ ವೆನ್ ಮತ್ತು ಸಂಗಡಿಗರು 2009ರಲ್ಲಿ ಅಸೂಯೆಯಲ್ಲೇ ಎರಡು ಬಗೆ ಇದೆ ಎಂದು ತೋರಿಸಿದರು. ಒಂದು ನಮ್ಮನ್ನು ಮೇಲೆ ಏರಲು ತಳ್ಳುತ್ತದೆ, ಇನ್ನೊಂದು ಎದುರಿನವರನ್ನು ಕೆಳಗೆ ಎಳೆಯಲು. ಯಾವುದು ಹುಟ್ಟುತ್ತದೆ ಎನ್ನುವುದು ಬಹುಮಟ್ಟಿಗೆ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಆ ಗೆಲುವಿಗೆ ಅವರು ತಕ್ಕವರು ಎಂದು ನಮಗೆ ಅನ್ನಿಸುತ್ತದೆಯೇ? ತಂಗಿ ತಕ್ಕವಳು ಎಂಬುದರಲ್ಲಿ ಅಕ್ಕನಿಗೆ ಅನುಮಾನವಿರಲಿಲ್ಲ. ಆದರೆ ಅವಕಾಶ ಹಂಚಿದ ರೀತಿ ಸರಿ ಎಂದು ಅನ್ನಿಸಿರಲಿಲ್ಲ. ಅಪ್ಪನ ಮೇಲಿನ ದೂರು ಹೇಳಲು ಬಾಯಿ ಬಾರದೆ ತಂಗಿಯ ಮೇಲೆ ಕಹಿಯಾಗಿ ತಿರುಗಿತ್ತು.

ಬೇರೆ ಮಾಡಿಕೊಳ್ಳಲು ಒಂದು ಸರಳ ದಾರಿ ಇದೆ. ತಂಗಿಯ ಕೈಯಿಂದ ಆ ಹುದ್ದೆ ಹೋಗಿಬಿಟ್ಟಿತು ಎಂದು ಕಲ್ಪಿಸಿಕೊಳ್ಳಿ. ಆಗ ನಿಮ್ಮ ನೋವು ಹೋಗುತ್ತದೆಯೇ? ಸ್ವಲ್ಪವಾದರೂ ಹಗುರಾಗುತ್ತದೆ ಎನ್ನಿಸಿದರೆ ಅಷ್ಟು ಭಾಗ ಅಸೂಯೆ. ಹುದ್ದೆ ಹೋದರೂ ಹೋಗದೆ ಉಳಿಯುವ ಭಾಗ ಬೇರೆ ಯಾರದೋ ಲೆಕ್ಕದಲ್ಲಿದೆ, ಹೆಚ್ಚಿನ ಸಲ ಅಪ್ಪ-ಅಮ್ಮನ ಲೆಕ್ಕದಲ್ಲಿ, ಕೆಲವೊಮ್ಮೆ ಕಾಲದ ಲೆಕ್ಕದಲ್ಲಿ. ಅಕ್ಕನಿಗೆ ಉಳಿದ ಭಾಗವೇ ದೊಡ್ಡದಿತ್ತು. ತಂಗಿಯನ್ನು ಹಾರೈಸಿ ಹಾರೈಸಿ ಅದನ್ನು ಕರಗಿಸಲು ಹೊರಟದ್ದು ವ್ಯರ್ಥ ಶ್ರಮ. ಒಂದು ದಿನ ಅವ್ವನ ಹತ್ತಿರ ಕೂತು ‘ನನ್ನ ಪಾಳಿಗೆ ಇನ್ನೊಂದು ವರ್ಷ ಕೊಟ್ಟಿದ್ರ ಆಗ್ತಿತ್ತು ನೋಡವ್ವಾ’ ಎಂದು ಹೇಳಿದಳು. ಅವ್ವ ವಾದ ಮಾಡಲಿಲ್ಲ. ‘ನಮಗೂ ಅನಸ್ತೈತಿ’ ಎಂದಳು. ಅವ್ವ ಆಡಿದ್ದು ಅಷ್ಟೇ ಆದರೂ ತಂಗಿಯ ಜತೆಗಿನ ಬಿಗಿ ಸಡಿಲವಾದದ್ದು ಅಲ್ಲಿಂದ. ಎಲ್ಲ ಅವ್ವಂದಿರೂ ಹೀಗೆ ಒಪ್ಪಿಕೊಳ್ಳುತ್ತಾರೆ ಎಂದು ನಾನು ಹೇಳುವುದಿಲ್ಲ. ‘ಏನ ಮಾತ ಇದು, ತಂಗೀಗೆ ಒಳ್ಳೇದಾದ್ರ ಸಂತೋಷ ಪಡೂದು ಬಿಟ್ಟು’ ಎಂದು ಬಾಯಿ ಮುಚ್ಚಿಸುವವರೇ ಹೆಚ್ಚು. ಹಾಗಾದರೆ ದೂರು ಯಾರ ಮೇಲಿನದು ಎಂದು ನಿಮಗಾದರೂ ಸ್ಪಷ್ಟವಾಗಿರಲಿ, ತಂಗಿಯ ಮೇಲೆ ಹಾಕದಿದ್ದರೆ ಸಾಕು.

ಟೆಸರ್ ಹೇಳಿದ ಮೂರು ಸಂಗತಿಗಳಿಗೆ ಮರಳಿದರೆ, ನೋವು ಇಳಿಯಬೇಕಾದರೆ ಮೂರರಲ್ಲಿ ಒಂದು ಬದಲಾಗಬೇಕು. ತಂಗಿಯ ಗೆಲುವನ್ನು ಬದಲಿಸಲು ಬರುವುದಿಲ್ಲ, ಅದನ್ನು ಮಾತಿನಲ್ಲಿ ಸಣ್ಣದು ಮಾಡುವುದೇ ಕಷ್ಟದ ಸುಳಿವು. ಹತ್ತಿರವನ್ನು ಬದಲಿಸಬಹುದು, ಅಂದರೆ ದೂರ ಸರಿಯಬಹುದು. ಬಹಳ ಮನೆಗಳಲ್ಲಿ ಆಗುವುದು ಇದೇ, ಯಾಕೆಂದರೆ ಸುಲಭ. ಹಬ್ಬಕ್ಕೆ ಹೋಗದಿದ್ದರೆ ಆಯಿತು, ಫೋನ್ ಎತ್ತದಿದ್ದರೆ ಆಯಿತು. ಇದರಲ್ಲಿ ನೋವಿನ ಜತೆಗೆ ತಂಗಿಯೂ ಹೋಗುತ್ತಾಳೆ.

ಉಳಿದದ್ದು ಮೂರನೆಯದು, ಆ ವಿಷಯಕ್ಕೆ ನಾವು ಕೊಟ್ಟ ತೂಕ. ಮಕ್ಕಳಲ್ಲಿ ಇದು ತಾನಾಗಿಯೇ ನಡೆಯುತ್ತದೆ. ಹೆಚ್ಚು ಅಂತರವಿಲ್ಲದ ಒಡಹುಟ್ಟಿದವರು ಒಬ್ಬರು ಓದಿನ ಕಡೆ ಹೋದರೆ ಇನ್ನೊಬ್ಬರು ಆಟದ ಕಡೆ ಹೋಗಿ, ಪೈಪೋಟಿಯಿಂದ ತಪ್ಪಿಸಿಕೊಳ್ಳುವಂತೆ ಬೇರೆ ಬೇರೆ ದಾರಿ ಹಿಡಿಯುತ್ತಾರೆ ಎಂದು ಫ್ರಾನ್ಸಿಸ್ ಶಾಕ್ಟರ್ 1976ರಲ್ಲಿ ವಿವರಿಸಿದ್ದರು. ದೊಡ್ಡವರಾದ ಮೇಲೆ ಇದು ಅಷ್ಟು ಸಲೀಸಲ್ಲ. ‘ಆ ಹುದ್ದೆಯಲ್ಲಿ ಏನಿದೆ ಬಿಡು, ಬರೀ ಒತ್ತಡ’ ಎಂದು ಬಾಯಲ್ಲಿ ಹೇಳಿಕೊಂಡರೆ ಮನಸ್ಸು ನಂಬುವುದಿಲ್ಲ. ಹಳೆಯ ಆಸೆಯನ್ನು ಬೈದರೆ ಅದರ ತೂಕ ಇಳಿಯದು. ಬೇರೆ ಯಾವುದಾದರೂ ಅಷ್ಟೇ ಭಾರವಾದ ಕೆಲಸ ಕೈಗೆ ಬರಬೇಕು. ಅಕ್ಕನಿಗೆ ಅದು ಬಂದದ್ದು ಎಂಟನೆಯ ತರಗತಿಯ ಮಕ್ಕಳಿಂದ. ಸರಕಾರಿ ಶಾಲೆಯ ಮಕ್ಕಳಿಗೆಂದು ನಡೆಯುವ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನದ ಪರೀಕ್ಷೆಗೆ ಶಾಲೆ ಬಿಟ್ಟ ಮೇಲೆ ಅವರನ್ನು ಕೂರಿಸಿ ಓದಿಸತೊಡಗಿದಳು. ಸಪ್ತಾಪುರದಲ್ಲಿ ಕಲಿತ ಉಪಾಯಗಳೆಲ್ಲ ಅಲ್ಲಿ ಉಪಯೋಗಕ್ಕೆ ಬಂದವು: ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು, ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗುವುದು, ಸಮಯ ಹಚ್ಚಿ ಬರೆಯುವುದು. ಅಸೂಯೆಗೆ ಮದ್ದೆಂದು ಅವಳು ಇದನ್ನು ಹಿಡಿದದ್ದಲ್ಲ, ಮುಖ್ಯೋಪಾಧ್ಯಾಯರು ಒಪ್ಪಿಸಿದ ಕೆಲಸ. ಆದರೆ ಒಂದು ವರ್ಷದಲ್ಲಿ ತನ್ನನ್ನು ‘ಕೆ.ಎ.ಎಸ್. ತಪ್ಪಿದವಳು’ ಎಂದು ಅಂದುಕೊಳ್ಳುವುದು ಕಡಿಮೆಯಾಗಿತ್ತು. ಪೂರ್ತಿ ಹೋಗಿರಲಿಲ್ಲ. ತಂಗಿ ಮೊದಲ ಸಲ ಸರಕಾರಿ ಜೀಪಿನಲ್ಲಿ ಮನೆಯ ಮುಂದೆ ಇಳಿದಾಗ ಹಳೆಯ ಚುಚ್ಚು ಮತ್ತೆ ಬಂತು. ಈ ಸಲ ಅಕ್ಕ ಅದರ ಜತೆ ಜಗಳಕ್ಕೆ ಹೋಗಲಿಲ್ಲ, ಚಹಾ ಇಟ್ಟಳು.

ತಂಗಿಗೆ ಹೇಳಬೇಕೇ ಬೇಡವೇ? ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ. ‘ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಆಗಿತ್ತು, ಕ್ಷಮಿಸು’ ಎಂದು ಕಾಲು ಹಿಡಿದು ಒಪ್ಪಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ನಮ್ಮ ಎದೆ ಹಗುರಾಗಲೆಂದು ಭಾರವನ್ನು ಅವಳ ತಲೆಗೆ ಹಾಕಿದಂತೆ, ಗೆದ್ದ ತಪ್ಪಿಗೆ ನಮ್ಮನ್ನು ಸಂತೈಸುವ ಕೆಲಸವೂ ಅವಳದೇ ಆಗುತ್ತದೆ. ಒಳಗಿನದನ್ನು ಬಿಚ್ಚಿ ಹೇಳಿಕೊಳ್ಳಲು ಇಬ್ಬರನ್ನೂ ಬಲ್ಲ ಬಂಧುವಿಗಿಂತ, ತಂಗಿಯನ್ನು ಕಾಣದ ಗೆಳತಿ ಒಳ್ಳೆಯವಳು. ತಂಗಿಗೆ ಸಲ್ಲಬೇಕಾದದ್ದು ತಪ್ಪಿದ ಕೆಲಸಗಳ ಲೆಕ್ಕ. ಅಕ್ಕ ಕೊನೆಗೆ ಗೆಳತಿಯ ನಂಬರ್ ಕಳಿಸಿದಳು, ತಾನೇ ಮೊದಲು ಫೋನ್ ಮಾಡಿ ತಂಗಿಯ ಪರಿಚಯವನ್ನೂ ಹೇಳಿದಳು. ಪೇಪರ್ ಸರಳ ಬಂದಿತ್ತು ಎಂದಿದ್ದ ಸಹೋದ್ಯೋಗಿಗೆ, ಮಾತಿನ ನಡುವೆ, ‘ಸರಳ ಏನಿರಲಿಲ್ಲರಿ, ಅಕಿ ಚಲೋ ಓದಿದ್ಲು’ ಎಂದಳು. ‘ಅಕ್ಕಾ, ಸಿಟ್ಟಾಗೀಯೇನ?’ ಎಂದು ತಂಗಿ ಒಂದು ದಿನ ಕೇಳಿಯೇ ಬಿಟ್ಟಾಗ ಕೊಟ್ಟ ಉತ್ತರ ನನಗೆ ಹಿಡಿಸಿತು: ‘ಸಿಟ್ಟಲ್ಲ. ನಿಂದು ಆದದ್ದು ಖುಷಿನೂ ಆಗೈತಿ, ನಂದು ಆಗಲಿಲ್ಲಲ್ಲ ಅಂತ ಸಂಕಟಾನೂ ಆಗೈತಿ. ಎರಡೂ ಅದಾವ.’ ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ‘ನಂಗೂ ಗೊತ್ತೈತಿ’ ಎಂದಳು. ಆಮೇಲೆ ನೋಟ್ಸಿನ ಹೊಗಳಿಕೆ ನಿಂತಿತು.

ಎಲ್ಲರ ಕತೆ ಇಷ್ಟಕ್ಕೇ ನಿಲ್ಲುವುದಿಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವಾದರೆ, ನಾನು ಯಾತಕ್ಕೂ ಬಾರದವಳು ಎಂಬ ಒಂದೇ ರಾಗ ನಿಲ್ಲದಿದ್ದರೆ ಅದು ಅಸೂಯೆಯ ಗಡಿ ದಾಟಿ ಖಿನ್ನತೆಯ ಕಡೆ ಹೊರಟಿದೆ ಎಂದು ತಿಳಿಯಬೇಕು. ಬದುಕೇ ಬೇಡ ಎನ್ನಿಸಿದರಂತೂ ಒಂದು ದಿನವೂ ಕಾಯಬಾರದು. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಪರೀಕ್ಷೆಯಲ್ಲಿ ಸೋತೆ ಎಂದಾಗಲಿ, ತಂಗಿ ಗೆದ್ದಳು ಎಂದಾಗಲಿ, ಎಲ್ಲಿಂದ ಶುರುಮಾಡಿದರೂ ಅಲ್ಲಿ ಕೇಳಿಸಿಕೊಳ್ಳುವವರಿದ್ದಾರೆ.

ಕೊನೆಯ ಮಾತು ಸನ್ಮಾನಕ್ಕೆ, ಗೃಹಪ್ರವೇಶಕ್ಕೆ, ನೌಕರಿ ಸಿಕ್ಕ ಸಂತೋಷಕೂಟಕ್ಕೆ ಹೋಗುವ ನಮ್ಮ ನಿಮ್ಮಂಥವರಿಗೆ. ಆ ಮನೆಯಲ್ಲಿ ಗೆಲ್ಲದ ಇನ್ನೊಂದು ಮಗುವೂ ಇರುತ್ತದೆ, ಬಹಳ ಸಲ ತಟ್ಟೆ ಹಂಚುತ್ತಿರುವುದು ಅದೇ. ಅದರ ಕೈ ಹಿಡಿದು ‘ನಿಂದೇನಾತು?’ ಎಂದು ಕೇಳಬೇಡಿ, ‘ತಂಗಿ ನೋಡಿ ಕಲಿ’ ಎನ್ನಬೇಡಿ, ‘ನಿನ್ನ ಆಸೆ ಇವಳು ತೀರಿಸಿದಳು’ ಎಂದಂತೂ ಹೇಳಲೇಬೇಡಿ. ಮಾತಾಡಬೇಕೆನ್ನಿಸಿದರೆ ಅವರ ಶಾಲೆಯಲ್ಲಿ ಈ ಸಲ ಮಕ್ಕಳು ಎಷ್ಟು ಸೇರಿದರು ಎಂದು ಕೇಳಿ.